ಕೆಂಪು ದೀಪ ಹತ್ತಿದ ಮೇಲಿನ ಅರ್ಧ ನಿಮಿಷ

ಪ್ರಶ್ನೆ ಹೀಗಿದೆ. ಸಕಲೇಶಪುರದ ಹತ್ತಿರದ ಹೋಮ್‌ಸ್ಟೇಯಿಂದ ಬೆಳಗ್ಗೆ ಹೊರಟಿದ್ದೀರಿ. ಎಸ್ಟೇಟಿನ ಮಣ್ಣುರಸ್ತೆಯಲ್ಲಿ ಕಾರಿನ ಅಡಿಗೆ ಕಲ್ಲೊಂದು ತಾಗಿ ಟಕ್ಕೆಂದಿತು. ಗಾಡಿ ಸರಿಯಾಗೇ ಓಡುತ್ತಿದೆಯಲ್ಲ ಎಂದು ಇಳಿದು ನೋಡಲಿಲ್ಲ. ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಎಣ್ಣೆ ಗಿಂಡಿಯ ಕೆಂಪು ಗುರುತು ಮಿಣುಕ್ಕೆಂದು ಆರಿತು. ನೇರ ರಸ್ತೆಗೆ ಬಂದ ಮೇಲೆ ಮತ್ತೆ ಕಾಣಲಿಲ್ಲ. ಈಗ ಏನು ಮಾಡುತ್ತೀರಿ? ಆರಿತಲ್ಲ, ಗುಂಡ್ಯದಲ್ಲಿ ಕಾಫಿಗೆ ನಿಲ್ಲಿಸಿದಾಗ ನೋಡೋಣ ಎನ್ನುತ್ತೀರೋ, ನಿಧಾನವಾಗಿ ಪೆಟ್ರೋಲ್ ಬಂಕಿನವರೆಗೆ ಹೋಗಿ ಆಯಿಲ್ ಹಾಕಿಸುತ್ತೀರೋ, ಇಲ್ಲಾ ಜಾಗ ಸಿಕ್ಕಿದಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡುತ್ತೀರೋ?

ಡ್ರೈವಿಂಗ್ ಸ್ಕೂಲಿನಲ್ಲಿ ಇಂಥ ಪ್ರಶ್ನೆ ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. ಗುರುತಿನ ಚಿತ್ರ ತೋರಿಸಿ ‘ಇದೇನು?’ ಎಂದರೆ ಎಲ್ಲರೂ ಹೇಳುತ್ತಾರೆ. ಕಲಿಯುವವರಲ್ಲಿ ಕೆಲವರು ಅದನ್ನು ಅಲ್ಲಾದೀನನ ದೀಪ ಎಂದೇ ಕರೆಯುತ್ತಾರೆ, ನೆನಪಿಟ್ಟುಕೊಳ್ಳಲು ಅದೂ ಒಳ್ಳೆಯದೇ. ಆದರೆ ಹೆಸರು ಗೊತ್ತಿದ್ದವರೂ ಬಂಕಿನ ಉತ್ತರಕ್ಕೆ ಕೈ ಎತ್ತುತ್ತಾರೆ. ಆಯಿಲ್ ಕಡಿಮೆಯಾಗಿದೆ, ಹಾಕಿಸಿದರಾಯಿತು ಎಂಬುದು ಅವರ ಲೆಕ್ಕ. ತಪ್ಪುವುದು ಅಲ್ಲೇ.

ಆ ಕೆಂಪು ಗಿಂಡಿ ಹೇಳುವುದು ಆಯಿಲ್ ಎಷ್ಟಿದೆ ಎಂದಲ್ಲ, ಆಯಿಲಿನ ಒತ್ತಡ ಬಿದ್ದುಹೋಗಿದೆ ಎಂದು. ಎಂಜಿನ್ನಿನ ತಳದಲ್ಲಿ, ಗ್ಯಾರೇಜಿನವರು ಚೇಂಬರ್ ಎನ್ನುವ ತಟ್ಟೆಯಲ್ಲಿ, ಆಯಿಲ್ ನಿಂತಿರುತ್ತದೆ. ಪಂಪು ಅದನ್ನು ಹೀರಿ ಒತ್ತಡದಲ್ಲಿ ಮೇಲಕ್ಕೆ ಕಳಿಸುತ್ತದೆ. ತಿರುಗುವ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗಿಗೆ ನೇರವಾಗಿ ತಾಗುವುದೇ ಇಲ್ಲ. ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲಿನ ಪದರವೊಂದು ಅದನ್ನು ಎತ್ತಿ ಹಿಡಿದಿರುತ್ತದೆ. ಒತ್ತಡ ಇಳಿದರೆ ಪದರ ಒಡೆಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ, ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ ‘ಎಂಜಿನ್ ಸೀಜ್ ಆಗಿದೆ’ ಎನ್ನುವುದು ಇದಕ್ಕೇ. ಓಡುತ್ತಿರುವ ಎಂಜಿನ್ ಈ ಸ್ಥಿತಿಗೆ ಬರಲು ಕೆಲವೇ ನಿಮಿಷ ಸಾಕು. ದೀಪ ಹತ್ತಿಸುವ ಸ್ವಿಚ್ಚು ಒತ್ತಡ ತೀರಾ ತಳ ಕಂಡ ಮೇಲಷ್ಟೇ ಕೆಲಸ ಮಾಡುವಂಥದ್ದು. ಮುನ್ಸೂಚನೆ ಕೊಡುವ ದೀಪ ಅದಲ್ಲ.

ಹಾಗಾದರೆ ತಿರುವಿನಲ್ಲಿ ಹತ್ತಿ ನೇರ ರಸ್ತೆಯಲ್ಲಿ ಆರಿದ್ದು ಯಾಕೆ? ಕಲ್ಲು ತಾಗಿ ಚೇಂಬರ್ ಸೀಳಿದೆ, ಅಥವಾ ಆಯಿಲ್ ಬಿಡುವ ಬೋಲ್ಟಿನ ಸುತ್ತ ಬಿರುಕು ಬಿಟ್ಟಿದೆ ಎಂದುಕೊಳ್ಳಿ. ಆಯಿಲ್ ಸೋರಿ ಸೋರಿ ಅರ್ಧಕ್ಕಿಂತ ಕೆಳಗೆ ಬಂದಿದೆ. ಕಾರು ತಿರುವಿಗೆ ವಾಲಿದಾಗ ಉಳಿದ ಆಯಿಲ್ ಒಂದು ಮಗ್ಗುಲಿಗೆ ಸರಿಯುತ್ತದೆ, ಪಂಪಿನ ಬಾಯಿಗೆ ಆಯಿಲ್ ಬದಲು ಗಾಳಿ ಸಿಗುತ್ತದೆ, ಒತ್ತಡ ಬಿದ್ದು ದೀಪ ಹತ್ತುತ್ತದೆ. ನೇರ ರಸ್ತೆಯಲ್ಲಿ ಆಯಿಲ್ ಮತ್ತೆ ತಳದಲ್ಲಿ ಹರಡಿಕೊಂಡು ಪಂಪಿಗೆ ಎಟುಕುತ್ತದೆ, ದೀಪ ಆರುತ್ತದೆ. ಸೋರುವುದು ಮಾತ್ರ ನಿಂತಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಮಿಣುಕುವುದಕ್ಕೂ ಇದೇ ಕಾರಣ. ದೀಪ ಆರಿದ್ದನ್ನು ‘ಸರಿಹೋಯಿತು’ ಎಂದು ಓದಿದವರು ಶಿರಾಡಿಯಂಥ ತಿರುವುಗಳ ದಾರಿಯಲ್ಲಿ ಗುಂಡ್ಯ ತಲುಪುವುದು ಅನುಮಾನ.

ಆದ್ದರಿಂದ ಮೂರನೆಯ ಉತ್ತರ. ಆದರೆ ‘ನಿಲ್ಲಿಸುತ್ತೇನೆ ಸರ್’ ಎಂದವರನ್ನೂ ಅಷ್ಟಕ್ಕೇ ಬಿಡಬಾರದು, ಹೇಗೆ ನಿಲ್ಲಿಸುತ್ತೀರಿ ಎಂದು ಕೇಳಬೇಕು. ಎಂಜಿನ್ ಉಳಿಸುವ ಆತುರದಲ್ಲಿ ಇಳಿಜಾರಿನಲ್ಲೇ ಕೀ ತಿರುಗಿಸಿದರೆ ಸ್ಟೇರಿಂಗ್ ಭಾರವಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಕೀ ಪೂರ್ತಿ ಹೊರಗೆಳೆದರೆ ಸ್ಟೇರಿಂಗ್ ಲಾಕ್ ಆಗಿಯೂ ಬಿಡಬಹುದು. ಎಂಜಿನ್ ಹೋದರೆ ದುಡ್ಡು ಹೋಗುತ್ತದೆ, ಘಾಟಿಯಲ್ಲಿ ಸ್ಟೇರಿಂಗ್ ಹೋದರೆ ಹೋಗುವುದು ಬೇರೆಯೇ. ಕನ್ನಡಿ ನೋಡಿ, ಎಡಕ್ಕೆ ಇಂಡಿಕೇಟರ್ ಹಾಕಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ತಿರುವು ಕಳೆದು ಎದುರು ಬದುರು ಕಾಣುವ ಕಡೆ ಅಂಚಿಗೆ ಬನ್ನಿ. ಗಾಡಿ ಪೂರ್ತಿ ನಿಂತ ಮೇಲೆ ಹ್ಯಾಂಡ್ ಬ್ರೇಕ್, ಆಮೇಲೆ ಎಂಜಿನ್ ಆಫ್, ನಾಲ್ಕೂ ಇಂಡಿಕೇಟರ್ ಆನ್. ತ್ರಿಕೋನದ ಫಲಕವನ್ನು 50 ಮೀಟರಿನಷ್ಟು ಹಿಂದೆ ಇಡಿ. ಹಿಂದೆ ತಿರುವಿದ್ದರೆ ಫಲಕ ಆ ತಿರುವಿಗೂ ಆಚೆ ಇರಬೇಕು, ಈಚೆ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ.

ಮೇಲೆ ಹೋದ ಆಯಿಲ್ ಚೇಂಬರಿಗೆ ಇಳಿದುಬರಲು ಐದು ಹತ್ತು ನಿಮಿಷ ಬೇಕು. ಆಮೇಲೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಇಳಿಸಿ ತೆಗೆಯಿರಿ. ಇಳಿಜಾರಿನಲ್ಲಿ ನಿಂತ ಕಾರಿನ ಅಳತೆ ನಿಖರವಲ್ಲ, ಆದರೂ ಕಡ್ಡಿಯ ತುದಿಗೆ ಏನೂ ಅಂಟದಿದ್ದರೆ ಸಂಶಯಕ್ಕೆ ಜಾಗವಿಲ್ಲ. ಕಾರಿನ ಅಡಿಗೆ ಬಗ್ಗಿ ನೋಡಿದರೆ ಕಪ್ಪು ಹನಿ ಕಾಣಲೂಬಹುದು. ನಮ್ಮ ಪ್ರಶ್ನೆಯ ಕಾರಿನಲ್ಲಿ ಕಡ್ಡಿ ಒಣಗಿದೆ, ಹನಿಯೂ ಬೀಳುತ್ತಿದೆ ಎಂದಿಟ್ಟುಕೊಳ್ಳೋಣ. ಇದಕ್ಕೆ ಆಯಿಲ್ ಸುರಿದು ಹೊರಡುವುದೆಂದರೆ ತೂತಿನ ಕೊಡಕ್ಕೆ ನೀರು ತುಂಬುವುದೇ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೋ, ವಿಮೆಯ ಜೊತೆ ರಸ್ತೆ ನೆರವು ಇದ್ದರೆ ಅಲ್ಲಿಗೋ ಫೋನ್ ಮಾಡಿ ಟೋಯಿಂಗ್ ಗಾಡಿ ತರಿಸುವುದೊಂದೇ ದಾರಿ. ಆಯಿಲ್ ಮಟ್ಟ ಸರಿಯಿದ್ದೂ ಸ್ಟಾರ್ಟ್ ಮಾಡಿದಾಗ ದೀಪ ಆರದೇ ಇದ್ದರೆ ಕೂಡಲೇ ಆಫ್ ಮಾಡಿ. ಪಂಪು ಹೋಗಿರಬಹುದು, ಸ್ವಿಚ್ಚೇ ಕೆಟ್ಟಿರಬಹುದು. ಯಾವುದೆಂದು ಡ್ರೈವರ್ ಸೀಟಿನಿಂದ ತಿಳಿಯುವುದಿಲ್ಲ, ಓಡಿಸಿ ನೋಡಿ ತಿಳಿಯಲು ಹೋಗಬಾರದು.

ಎರಡನೆಯ ಗುರುತು ನೀರಲೆಯ ಮೇಲೆ ನಿಂತ ಥರ್ಮಾಮೀಟರ್. ಕೆಲವು ಕಾರುಗಳಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಇದು ನೀಲಿಯಾಗಿ ಕಾಣುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ, ಹೆದರಬೇಕಿಲ್ಲ. ಕೆಂಪಾದರೆ ಎಂಜಿನ್ ಮಿತಿಮೀರಿ ಕಾದಿದೆ. ಎ.ಸಿ. ಆಫ್ ಮಾಡಿ ಪಕ್ಕಕ್ಕೆ ಬರಬೇಕು. ಹಬೆ ಏಳುತ್ತಿದ್ದರೆ ನಿಂತ ತಕ್ಷಣ ಎಂಜಿನ್ ಆಫ್. ಟ್ರಾಫಿಕ್ಕಿನಲ್ಲಿ ಸಿಕ್ಕಿ ಪಕ್ಕಕ್ಕೆ ಬರಲು ಒಂದಿಷ್ಟು ದೂರ ಸಾಗಲೇಬೇಕಾದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಎಂಜಿನ್ನಿನ ಕಾವು ಸ್ವಲ್ಪ ಒಳಗೆ ಬರುತ್ತದೆ. ನೀವು ಬೆವರುತ್ತೀರಿ, ಗ್ಯಾಸ್ಕೆಟ್ ಉಳಿಯಬಹುದು.

ಇಲ್ಲಿ ಬಹಳ ಜನ ಜಾರುವ ಪ್ರಶ್ನೆ ಬೇರೆ ಇದೆ. ಬಾನೆಟ್ ಎತ್ತಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕುತ್ತೀರಾ? ಕೂಲಂಟ್ ಒಳಗೆ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿ ಒತ್ತಡ ಬಿಟ್ಟ ಕ್ಷಣದಲ್ಲಿ ಅಷ್ಟೂ ಭುಗಿಲ್ಲನೆ ಕುದಿದು ಮುಖ ಕೈಗೆ ಎರಚುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಮುಟ್ಟಿದರೆ ಬಿಸಿ ತಾಗದಂತಾದ ಮೇಲಷ್ಟೇ ಮುಚ್ಚಳದ ಮಾತು. ಇನ್ನೊಂದು ಮೋಸವೂ ಇದೆ. ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರಿಗೆ ನೀರು ತಾಗದೆ ಗಾಳಿ ಮಾತ್ರ ತಾಗುತ್ತದೆ. ಆಗ ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಬಹುದು. ಘಾಟಿ ಹತ್ತುತ್ತಿರುವ ಎಂಜಿನ್ ತಾನಾಗಿ ತಣ್ಣಗಾಗುವುದಿಲ್ಲ.

ವೃತ್ತದೊಳಗಿನ ಆಶ್ಚರ್ಯಸೂಚಕ ಚಿಹ್ನೆ ಬ್ರೇಕಿನದು. ಹ್ಯಾಂಡ್ ಬ್ರೇಕ್ ಎಳೆದಾಗಲೂ ಅದೇ ಹತ್ತುವುದರಿಂದ ಅದಕ್ಕೊಂದು ಸಲಿಗೆ ಬಂದುಬಿಟ್ಟಿದೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಮಟ್ಟ ಇಳಿದಿದೆ ಎಂದು ಹಿಡಿಯಬೇಕು. ಪ್ಯಾಡ್ ಸವೆದಂತೆ ಆಯಿಲ್ ಮೆಲ್ಲಗೆ ಇಳಿಯುವುದುಂಟು, ಪೈಪು ಸೋರಿ ಬೇಗ ಇಳಿಯುವುದೂ ಉಂಟು. ಯಾವುದೆಂದು ಕಾಲು ಹೇಳುತ್ತದೆ. ಪೆಡಲ್ ಮೆತ್ತಗಾಗಿದ್ದರೆ, ಮೊದಲಿಗಿಂತ ಆಳಕ್ಕೆ ಹೋಗುತ್ತಿದ್ದರೆ ಸೋರಿಕೆಯೇ. ಪೆಡಲನ್ನು ಪದೇ ಪದೇ ಒತ್ತುತ್ತಾ, ಗೇರ್ ಒಂದೊಂದಾಗಿ ಇಳಿಸಿ ವೇಗ ತಗ್ಗಿಸಿ, ಕೊನೆಗೆ ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಇರುತ್ತದೆ, ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದೂ ಕೆಂಪು ಬ್ರೇಕ್ ದೀಪವೂ ಒಟ್ಟಿಗೆ ಹತ್ತಿದ್ದರೆ ನಿಲ್ಲಿಸಿ.

ಕೆಂಪೆಲ್ಲಾ ಹೀಗೇ ಅಲ್ಲ. ಸೀಟ್ ಬೆಲ್ಟಿನದೂ ಕೆಂಪು, ಏರ್‌ಬ್ಯಾಗಿನದೂ ಹಲವು ಕಾರುಗಳಲ್ಲಿ ಕೆಂಪು. ಬ್ಯಾಟರಿ ಚಿಹ್ನೆ ಹತ್ತಿದರೆ ಚಾರ್ಜಾಗುತ್ತಿಲ್ಲ ಎಂದರ್ಥ. ಎ.ಸಿ., ಸ್ಟೀರಿಯೊ ಆಫ್ ಮಾಡಿ ಹತ್ತಿರದ ಗ್ಯಾರೇಜ್ ಮುಟ್ಟಬಹುದು. ಆದರೆ ಕೆಲವು ಎಂಜಿನ್‌ಗಳಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಬೆಲ್ಟ್ ಹರಿದರೆ ಮೊದಲು ಬ್ಯಾಟರಿ ದೀಪ, ಹಿಂದೆಯೇ ಉಷ್ಣಾಂಶ. ಬ್ಯಾಟರಿ ದೀಪದ ಜೊತೆ ಮುಳ್ಳೂ ಏರುತ್ತಿದ್ದರೆ ಗ್ಯಾರೇಜಿನ ಆಸೆ ಬಿಡಿ. ಹಳದಿಯಲ್ಲೂ ಒಂದು ಅಪವಾದವಿದೆ: ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯದೆ ಮಿಟುಕುತ್ತಿದ್ದು, ಗಾಡಿ ಜಗ್ಗಾಡುತ್ತಿದ್ದರೆ ಪೆಟ್ರೋಲ್ ಸಿಲಿಂಡರಿನಲ್ಲಿ ಉರಿಯದೆ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ. ನಿಲ್ಲಿಸಿ, ಒಣಹುಲ್ಲಿನ ಮೇಲೆ ಮಾತ್ರ ಬೇಡ.

ಕೊನೆಯ ಪ್ರಶ್ನೆಯಲ್ಲಿ ಯಾವ ದೀಪವೂ ಹತ್ತುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಿದ್ದೀರಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಿರಿ. ಬ್ಯಾಟರಿ, ಏರ್‌ಬ್ಯಾಗ್, ಚೆಕ್ ಎಂಜಿನ್ ಎಲ್ಲಾ ಹತ್ತಿದವು, ಎಣ್ಣೆ ಗಿಂಡಿ ಹತ್ತಲಿಲ್ಲ. ‘ತೊಂದರೆ ಇಲ್ಲ ಅಂತ ತಾನೇ ಸರ್?’ ಎನ್ನುತ್ತಾರೆ ಕೆಲವರು. ಎಂಜಿನ್ ತಿರುಗದಿರುವಾಗ ಆಯಿಲಿನ ಒತ್ತಡ ಇರುವುದೇ ಇಲ್ಲ, ಆದ್ದರಿಂದ ಆ ಹೊತ್ತಿನಲ್ಲಿ ಆ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಕೆಲ ಕ್ಷಣಗಳಲ್ಲಿ ಆರಬೇಕು. ಹತ್ತದಿದ್ದರೆ ಬಲ್ಬ್ ಸುಟ್ಟಿರಬಹುದು, ಸ್ವಿಚ್ಚಿನ ವಯರ್ ಕಳಚಿರಬಹುದು, ಸದಾ ಉರಿಯುವ ದೀಪ ಗಿರಾಕಿಗೆ ಕಾಣದಿರಲಿ ಎಂದು ಯಾರೋ ವಯರ್ ಕಿತ್ತಿರಲೂಬಹುದು. ಕೆಲವು ಹೊಸ ಮಾದರಿಗಳಲ್ಲಿ ಈ ದೀಪದ ವರ್ತನೆ ಬೇರೆ ಇರುತ್ತದೆ, ಆ ಕಾರಿನ ಮ್ಯಾನುಯಲ್ಲಿನಲ್ಲಿ ಅದನ್ನು ಬರೆದಿರುತ್ತಾರೆ. ಅದು ಕೈಗೆ ಸಿಗದಿದ್ದರೆ ಮೆಕ್ಯಾನಿಕ್ಕನ್ನು ಕರೆದು, ಸ್ವಿಚ್ ಬಿಚ್ಚಿ ಅದರ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಹಾಕಿಸಿ ನೋಡುವ ತನಕ ಮುಂಗಡ ಕೊಡಬೇಡಿ.