ಟ್ಯೂಷನ್ ದುಡ್ಡಿಗೆ ಮೇ ತಿಂಗಳ ಲೆಕ್ಕ

ಪ್ರೀತಿಯ ಪುಟ್ಟಿ,

ಶನಿವಾರ, ಭಾನುವಾರ ಐದು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಜೂನ್ ತಿಂಗಳ ಫೀಸು ಮೂರು ಸಾವಿರ ಕೈಗೆ ಬಂತು ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಅದರಲ್ಲಿ ಎಷ್ಟು ಉಳಿಸಲಿ ಅಂತ ನೀನು ಕೇಳಿದ್ದೆಯಂತೆ. ಮೊದಲ ಹುರುಪಿನಲ್ಲಿ ‘ಅರ್ಧ ಇಡ್ತೀನಿ’ ಅಂದುಬಿಡಬೇಡ. ಟ್ಯೂಷನ್ ದುಡ್ಡಿನ ಸ್ವಭಾವ ಸಂಬಳದ ಹಾಗಲ್ಲ ಕಣೇ.

ತಲೆಗೆ ಆರುನೂರರಂತೆ ಐವರಿಂದ ಮೂರು ಸಾವಿರ ಸರಿ. ಆದರೆ ಪಾಠ ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ ಹತ್ತೇ ತಿಂಗಳು. ಅಂದರೆ ವರ್ಷಕ್ಕೆ ಮೂವತ್ತು ಸಾವಿರ. ದಸರಾ ರಜೆ ಬಂದಾಗ ‘ಹದಿನೈದು ದಿನ ಪಾಠವೇ ಇರಲಿಲ್ಲವಲ್ಲ’ ಅಂತ ಅರ್ಧ ಫೀಸು ಕೊಡುವವರು ಇದ್ದೇ ಇರುತ್ತಾರೆ. ಒಂದು ಮಗು ನಡುವೆ ಬಿಟ್ಟುಹೋದರೂ ಹೋದೀತು. ಹಾಗಾಗಿ ಇಪ್ಪತ್ತೇಳು ಸಾವಿರ ಅಂತಲೇ ಹಿಡಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 2,250 ರೂಪಾಯಿ. ನಿನ್ನ ನಿಜವಾದ ತಿಂಗಳ ಗಳಿಕೆ ಇಷ್ಟೇ, ಮೂರು ಸಾವಿರ ಅಲ್ಲ.

ಇನ್ನೊಂದು ಸೂಕ್ಷ್ಮವಿದೆ. ಫೀಸು ಬರುವುದು ತಿಂಗಳು ಮುಗಿದ ಮೇಲೆ. ಮಾರ್ಚ್ ಫೀಸು ಏಪ್ರಿಲ್ ಮೊದಲ ವಾರ ಸಿಗುತ್ತದೆ. ಆಮೇಲೆ ಮುಂದಿನ ಜೂನ್‌ನ ಫೀಸು ಸಿಗುವುದು ಜುಲೈಯಲ್ಲಿ. ಹಾಗಾಗಿ ನಿನ್ನ ಕೈ ಖಾಲಿಯಾಗುವುದು ಏಪ್ರಿಲ್‌ನಲ್ಲಲ್ಲ, ಮೇ ಮತ್ತು ಜೂನ್‌ನಲ್ಲಿ. ಉತ್ಸಾಹದಿಂದ ಶುರುವಾದ ಕಂತು ನಿಂತುಹೋಗುವುದು ಸಾಮಾನ್ಯವಾಗಿ ಈ ಎರಡು ತಿಂಗಳಲ್ಲೇ.

ಅದಕ್ಕೇ ಹೀಗೆ ಮಾಡು. ಫೀಸು ಬಂದ ಪ್ರತಿ ತಿಂಗಳು ಒಂದು ಸಾವಿರ ತೆಗೆದಿಡು. ಅದರಲ್ಲಿ ಏಳುನೂರಕ್ಕೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್.ಡಿ. ಮಾಡಿಸು. ಉಳಿದ ಮುನ್ನೂರು ಉಳಿತಾಯ ಖಾತೆಯಲ್ಲೇ ಇರಲಿ. ಹತ್ತು ತಿಂಗಳಿಗೆ ಆ ಮುನ್ನೂರುಗಳು ಸೇರಿ ಮೂರು ಸಾವಿರ ಆಗುತ್ತವೆ. ಮೇ, ಜೂನ್‌ನ ಎರಡು ಕಂತಿಗೆ ಅದರಿಂದ 1,400 ಹೋದರೂ 1,600 ಉಳಿಯುತ್ತದೆ. ಆರ್.ಡಿ.ಗೆ ನೀನು ಕಟ್ಟಿದ್ದು 8,400. ಬಡ್ಡಿ ದರ ಶೇ. 6.5 ಅಂದುಕೊಂಡರೆ ಬರುವ ಬಡ್ಡಿ ಸುಮಾರು ಮುನ್ನೂರು ರೂಪಾಯಿ. ಇಷ್ಟೇನಾ ಅಂತ ಮೂಗು ಮುರಿಯಬೇಡ. ಮೊದಲ ವರ್ಷ ಬಡ್ಡಿಗಾಗಿ ಆರ್.ಡಿ. ಮಾಡುವುದಲ್ಲ. ಫೋನಿನಲ್ಲಿ ಒಂದು ಸಲ ಸ್ಕ್ಯಾನ್ ಮಾಡಿದರೆ ಖರ್ಚಾಗುವ ಕಡೆ ದುಡ್ಡು ಇರಬಾರದು, ಅದಕ್ಕಾಗಿ.

ಕಂತಿನ ತಾರೀಖೂ ಮುಖ್ಯ. ಆರ್.ಡಿ. ತೆರೆದ ತಾರೀಖಿಗೇ ತಿಂಗಳು ತಿಂಗಳು ದುಡ್ಡು ಕಡಿತವಾಗುವುದು ರೂಢಿ. ಐದಕ್ಕೆ ಕೊಡ್ತೀವಿ ಅಂದವರು ಎಂಟಕ್ಕೆ ಕೊಡುತ್ತಾರೆ. ಹಾಗಾಗಿ ಒಂದನೇ ತಾರೀಖಿಗೆ ಓಡಬೇಡ, ಹತ್ತಕ್ಕೋ ಹನ್ನೆರಡಕ್ಕೋ ತೆರೆ. ಖಾತೆಯಿಂದ ತಾನಾಗಿಯೇ ಕಂತು ಹೋಗುವಂತೆ ಬರೆದುಕೊಡು. ನಗದು ಕೊಡುವವರ ದುಡ್ಡನ್ನು ಅದೇ ವಾರ ಖಾತೆಗೆ ಕಟ್ಟು. ಪರ್ಸಿನಲ್ಲಿಟ್ಟರೆ ಅದು ಉಳಿತಾಯವಲ್ಲ, ಬಸ್ ಚಾರ್ಜು.

ಅಪ್ಪ ಪೋಸ್ಟಾಫೀಸಿನ ಆರ್.ಡಿ.ಯೇ ಸರಿ ಅನ್ನುತ್ತಾರೆ. ಸರ್ಕಾರದ ಭದ್ರತೆ ಇದೆ, ತಿಂಗಳಿಗೆ ನೂರು ರೂಪಾಯಿಯಿಂದಲೂ ಕಟ್ಟಬಹುದು, ನಿಜ. ಆದರೆ ಅದರ ಅವಧಿ ಐದು ವರ್ಷ. ಮೂರು ವರ್ಷ ತುಂಬುವ ಮುಂಚೆ ಮುಚ್ಚಲು ಬರುವುದಿಲ್ಲ. ಆಮೇಲೆ ನಡುವೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ. ನಿನ್ನ ಬಿ.ಎಸ್ಸಿ. ಮುಗಿಯುವುದೇ ಎರಡು ವರ್ಷಕ್ಕೆ, ಆಮೇಲೆ ಬಿ.ಎಡ್. ಸೇರುತ್ತೀಯೋ ಕೆಲಸಕ್ಕೆ ಹೋಗುತ್ತೀಯೋ ಗೊತ್ತಿಲ್ಲ. ಅಪ್ಪನಿಗೆ ಬೇಜಾರಾದರೂ ಸರಿ, ಈಗ ನಿನಗೆ ಒಂದು ವರ್ಷದ್ದೇ ಹೊಂದುವುದು. ಖಾಯಂ ಸಂಬಳ ಬಂದ ಮೇಲೆ ಪೋಸ್ಟಾಫೀಸಿಗೆ ಹೋಗೋಣ.

ಎದುರುಮನೆ ಆಂಟಿ ಚೀಟಿಗೆ ಸೇರು ಅನ್ನುತ್ತಿದ್ದಾರಂತೆ. ಅವರು ಒಳ್ಳೆಯವರೇ. ಆದರೆ ನೋಂದಣಿಯಾಗದ ಚೀಟಿಯಲ್ಲಿ ಯಾರೋ ಒಬ್ಬರು ಚೀಟಿ ಎತ್ತಿ ಕಂತು ನಿಲ್ಲಿಸಿದರೆ ನಿನ್ನ ಕೈಯಲ್ಲಿ ಕೇಳಲು ಒಂದು ಕಾಗದವೂ ಇರುವುದಿಲ್ಲ. ‘ಅಕ್ಕ ಬೇಡ ಅಂದಳು’ ಅಂತ ನನ್ನ ಹೆಸರು ಹೇಳಿಬಿಡು.

ಈ ವಾರವೇ ಬ್ಯಾಂಕಿಗೆ ಹೋಗು. ಆಧಾರ್, ಪ್ಯಾನ್, ಪಾಸ್‌ಬುಕ್ ತೆಗೆದುಕೊಂಡು ಹೋಗು. ಪ್ಯಾನ್ ಇನ್ನೂ ಬಂದಿಲ್ಲದಿದ್ದರೆ ಅದರ ಬದಲಿಗೆ ತುಂಬಿಕೊಡುವ ಫಾರಂ ಕೇಳು. ನಡುವೆ ಮುಚ್ಚಿದರೆ, ಕಂತು ತಪ್ಪಿದರೆ ಎಷ್ಟು ಹಿಡಿಯುತ್ತೀರಿ ಅಂತ ಸಹಿ ಹಾಕುವ ಮುಂಚೆಯೇ ಕೇಳಿಕೋ. ನಾಮಿನಿ ಜಾಗದಲ್ಲಿ ಅಮ್ಮನ ಹೆಸರು ಬರೆಸು, ಆ ಜಾಗ ಖಾಲಿ ಬಿಡಬೇಡ.

ನಿನ್ನ ಅಕ್ಕ