ನಿಮಗಿದು ಗೊತ್ತೆ? ಮಗು ಮಾಡಲಿಲ್ಲ ಎಂದರೆ ಕಲಿಯಲಿಲ್ಲ ಎಂದಲ್ಲ

ಬೋಬೋ ಎಂಬುದು ಗಾಳಿ ತುಂಬಿದ ಗೊಂಬೆ. ಎಷ್ಟು ಸಲ ಬೀಳಿಸಿದರೂ ಮತ್ತೆ ಎದ್ದು ನಿಲ್ಲುತ್ತದೆ. ದೊಡ್ಡವರು ಅದನ್ನು ಹೊಡೆಯುವುದನ್ನು ಕಂಡ ಮಕ್ಕಳು ಹಾಗೆಯೇ ಹೊಡೆಯುತ್ತಾರೆಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ್ದರು. ಆದರೆ ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಆಳಕ್ಕೆ ಹೋಗುತ್ತದೆ.

ಶಿಶುವಿಹಾರದ 66 ಮಕ್ಕಳು ಟಿವಿ ಪರದೆಯಲ್ಲಿ ಒಂದು ಪುಟ್ಟ ಚಿತ್ರ ನೋಡಿದರು. ಒಬ್ಬಾತ ಬೋಬೋ ಮೇಲೆ ಕುಳಿತು ಮೂಗಿಗೆ ಗುದ್ದುತ್ತಾನೆ, ಸುತ್ತಿಗೆಯಿಂದ ಬಡಿಯುತ್ತಾನೆ, ಒದೆಯುತ್ತಾನೆ, ಚೆಂಡು ಎಸೆಯುತ್ತಾನೆ. ಕೊನೆ ಮಾತ್ರ ಮೂರು ಬಗೆ. ಒಂದರಲ್ಲಿ ಅವನಿಗೆ ಮಿಠಾಯಿ, ಹೊಗಳಿಕೆ. ಇನ್ನೊಂದರಲ್ಲಿ ಬೈಗುಳ, ಏಟು. ಮೂರನೆಯದರಲ್ಲಿ ಏನೂ ಇಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಆಟಿಕೆಗಳ ಕೋಣೆಯಲ್ಲಿ ಬಿಟ್ಟರು. ಶಿಕ್ಷೆ ನೋಡಿದ ಮಕ್ಕಳು, ಅದರಲ್ಲೂ ಹುಡುಗಿಯರು, ಕಡಿಮೆ ಅನುಕರಿಸಿದರು. ಇಲ್ಲಿಗೇ ನಿಲ್ಲಿಸಿದ್ದರೆ ಶಿಕ್ಷೆ ಕಲಿಕೆಯನ್ನೇ ತಡೆಯಿತು ಎಂದುಕೊಳ್ಳುತ್ತಿದ್ದೆವು. ಬಂಡೂರ ನಿಲ್ಲಿಸಲಿಲ್ಲ. ಚಿತ್ರದಲ್ಲಿ ಕಂಡದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸ, ಅಂಟಿಸುವ ಚಿತ್ರಗಳು ಸಿಗುತ್ತವೆ ಎಂದು ಹೇಳಿಸಿದರು. ಮೂರು ಗುಂಪುಗಳ ನಡುವಿನ ಅಂತರ ಅಳಿಸಿಹೋಯಿತು. ಸುಮ್ಮನಿದ್ದ ಮಕ್ಕಳೂ ಉಳಿದವರಷ್ಟೇ ಗಮನಿಸಿ ನೆನಪಿಟ್ಟುಕೊಂಡಿದ್ದರು. ಶಿಕ್ಷೆಯ ದೃಶ್ಯ ತಡೆದದ್ದು ಮಾಡುವುದನ್ನು, ಕಲಿಯುವುದನ್ನಲ್ಲ.

ಒಂದು ಮಿತಿಯಿದೆ: ಬೋಬೋ ಇರುವುದೇ ಹೊಡೆದು ಆಡುವುದಕ್ಕೆ. ಗೊಂಬೆಗೆ ಗುದ್ದಿದ ಮಗು ಜೊತೆಗಾರನಿಗೂ ಗುದ್ದುತ್ತದೆ ಎಂದು ಈ ಪ್ರಯೋಗದಿಂದ ಹೇಳಲಾಗದು.