ಪಿನ್‌ಕೋಡ್‌ನಿಂದ ಶುರುವಾಗುವ ವಿಳಾಸ

ಟೋಕಿಯೊದ ನಿಶಿಕಸಾಯ್ ಬಡಾವಣೆಯಲ್ಲಿ ಭಾರತದಿಂದ ಹೋದ ಸಾಫ್ಟ್‌ವೇರ್ ಕುಟುಂಬಗಳು ಬಹಳ. ಅಲ್ಲಿ ಹೊಸದಾಗಿ ಮನೆ ಮಾಡಿದವರು ಜಪಾನಿನ ಆನ್‌ಲೈನ್ ಅಂಗಡಿಯಲ್ಲಿ ಅಕ್ಕಿ ಕುಕ್ಕರ್ ಕೊಳ್ಳಲು ಹೊರಟರೆ ಸಾಮಾನು ಆರಿಸುವುದು ಸಲೀಸು. ತೊಡಕು ಶುರುವಾಗುವುದು ವಿಳಾಸದ ಪುಟದಲ್ಲಿ.

ನಾವು ಮನೆ ನಂಬರಿನಿಂದ ಶುರುಮಾಡಿ ಊರು, ರಾಜ್ಯ ಬರೆದು ಪಿನ್‌ಕೋಡ್‌ಗೆ ಮುಗಿಸುತ್ತೇವೆ. ಜಪಾನಿನಲ್ಲಿ ಇದು ತಲೆಕೆಳಗು. ಮೊದಲ ಖಾನೆಯೇ 郵便番号, ಅಂದರೆ ಅವರ ಪಿನ್‌ಕೋಡ್. ಅದಕ್ಕೆ ಏಳು ಅಂಕಿ, ಮೂರರ ನಂತರ ಒಂದು ಗೀಟು. ನಿಶಿಕಸಾಯ್‌ದು 134-0088. ಕೆಲವು ಅಂಗಡಿಗಳು ಇದಕ್ಕೆ ಎರಡು ಖಾನೆ ಕೊಡುತ್ತವೆ; ಇನ್ನು ಕೆಲವು ハイフンなし ಎಂದು ಬರೆದಿರುತ್ತವೆ, ಅಲ್ಲಿ ಗೀಟು ಬಿಟ್ಟು 1340088 ಎಂದೇ ಹೊಡೆಯಬೇಕು. ಬಹಳಷ್ಟು ಕಡೆ ಇಷ್ಟು ಹಾಕಿದರೆ ಟೋಕಿಯೊ, ಎದೊಗಾವಾ ವಾರ್ಡು, ನಿಶಿಕಸಾಯ್ ಎಂಬುದೆಲ್ಲ ತಾನೇ ತುಂಬಿಕೊಳ್ಳುತ್ತದೆ. ಬೇರೆ ಊರು ಬಂದರೆ ಅಂಕಿ ತಪ್ಪಿದೆ ಎಂದೇ ಅರ್ಥ.

ನಮ್ಮ ಪಾಲಿಗೆ ಉಳಿಯುವುದು 番地 ಖಾನೆ. ಅಲ್ಲಿ ರಸ್ತೆಯ ಹೆಸರು ಹುಡುಕಬೇಡಿ, ಸಾಮಾನ್ಯವಾಗಿ ವಿಳಾಸದಲ್ಲಿ ಅದು ಇರುವುದೇ ಇಲ್ಲ. 3-5-2 ಎಂದರೆ ಬಡಾವಣೆಯ ಮೂರನೆಯ ಭಾಗ, ಐದನೆಯ ಬ್ಲಾಕು, ಎರಡನೆಯ ನಂಬರು. ಅಪಾರ್ಟ್‌ಮೆಂಟಿನ ಹೆಸರು, ಕೋಣೆ ನಂಬರು 建物名 ಎಂಬ ಕೊನೆಯ ಖಾನೆಗೆ. ಅದನ್ನು ತುಂಬಲೇಬೇಕೆಂದು ಅಂಗಡಿ ಕೇಳದಿರಬಹುದು. ಆದರೆ ಕೋಣೆ ನಂಬರಿಲ್ಲದಿದ್ದರೆ ಪೊಟ್ಟಣ ತಂದವನು ಯಾವ ಬಾಗಿಲು ತಟ್ಟಬೇಕು?

ಎಲ್ಲ ಸರಿಯಿದ್ದೂ ಪುಟ ಕೆಂಪಕ್ಷರದಲ್ಲಿ ಬೈಯುವುದುಂಟು. ಸಂದೇಶದಲ್ಲಿ 全角 ಕಂಡರೆ ಅಗಲದ ಅಕ್ಷರ ಬೇಕು, 半角 ಕಂಡರೆ ಸಣ್ಣದು. ಜಪಾನಿ ಕೀಲಿಮಣೆಯಲ್ಲಿ １３４ ಮತ್ತು 134 ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೆಸರಿನ ಕೆಳಗಿನ フリガナ ಖಾನೆಗೆ ಉಚ್ಚಾರಣೆಯನ್ನು ಕತಕಾನ ಲಿಪಿಯಲ್ಲೇ ಕೊಡಬೇಕು. ರವಿ ಅಲ್ಲಿ ラヴィ. ಕಾರ್ಡಿನ ಹೆಸರು ಮಾತ್ರ ಕಾರ್ಡಿನ ಮೇಲಿರುವಂತೆ ಇಂಗ್ಲಿಷ್ ಅಕ್ಷರದಲ್ಲಿ.

ಹಣ ಕಟ್ಟುವ ಪುಟದಲ್ಲಿ 一括払い ಎಂದರೆ ಒಂದೇ ಕಂತು. ಪಕ್ಕದಲ್ಲಿರುವ リボ払い ಒತ್ತಿದರೆ ಪ್ರತಿ ತಿಂಗಳು ಸಣ್ಣ ಮೊತ್ತ ಕಟ್ಟುತ್ತಾ ಹೋಗಬೇಕು, ಉಳಿದ ಸಾಲಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರ ಆಸುಪಾಸಿನ ಬಡ್ಡಿ. ಕಾರ್ಡು ಇಲ್ಲದವರಿಗೆ, ಇಲ್ಲವೇ ಭಾರತದ ಕಾರ್ಡನ್ನು ಅಂಗಡಿ ಒಪ್ಪದಿದ್ದಾಗ コンビニ払い ಅನುಕೂಲ. ಪರದೆಯಲ್ಲಿ ಬರುವ ನಂಬರನ್ನು ಗಡುವಿನೊಳಗೆ ಲಾಸನ್‌ನಂಥ ಅಂಗಡಿಗೆ ಒಯ್ದು ನಗದು ಕೊಡಬೇಕು. ಸಾಮಾನ್ಯವಾಗಿ ಹಣ ಸೇರಿದ ಮೇಲೆಯೇ ಸಾಮಾನು ಹೊರಡುತ್ತದೆ, ಗಡುವು ಮೀರಿದರೆ ಆರ್ಡರ್ ರದ್ದು.

次へ ಎಂಬ ಗುಂಡಿ ಮುಂದಿನ ಪುಟಕ್ಕೆ ಮಾತ್ರ. ಖರೀದಿ ಖಾಯಂ ಆಗುವುದು 注文を確定する ಒತ್ತಿದಾಗ. ಅದಕ್ಕೆ ಮುಂಚಿನ ಪುಟದಲ್ಲಿ ಎಷ್ಟು ಸಾಮಾನು, ಎಷ್ಟು ಬೆಲೆ, ರದ್ದು ಮಾಡುವುದು ಹೇಗೆ ಎಂದು ತೋರಿಸಲೇಬೇಕೆಂದು 2022ರ ಜೂನ್‌ನಿಂದ ಕಾನೂನಿದೆ. ಆ ಪುಟದಲ್ಲಿ 定期 ಎಂಬ ಎರಡಕ್ಷರ ಕಂಡರೆ ಕೈ ತಡೆಯಿರಿ. ಅದು ಒಂದು ಸಲದ ಖರೀದಿಯಲ್ಲ, ಕಾಲಕಾಲಕ್ಕೆ ಮನೆಗೆ ಬರುತ್ತಲೇ ಇರುವ ಬಾಬತ್ತು.